ಮದುವೆ ವಿಡಿಯೋ ಫೋನಲ್ಲಾ, ಲ್ಯಾಪ್‌ಟಾಪಲ್ಲಾ?

“ಮಡಿಕೇರಿಯ ನಮ್ಮ ಹೋಂಸ್ಟೇ ರೀಲ್ಸ್ ಫೋನಲ್ಲೇ ಮಾಡ್ತೀನಿ. ತಂಗಿ ಮದುವೆಯ 40 ನಿಮಿಷದ ವಿಡಿಯೋನೂ ಹಾಗೇ ಮಾಡ್ಬಹುದಾ? 8 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್ ಇದೆ, ಖರ್ಚು ಮಾಡೋಕಾಗಲ್ಲ.”

ರೀಲ್ಸ್ ಫೋನಲ್ಲೇ ಇರಲಿ. ಮದುವೆಯದ್ದನ್ನು ಮಾತ್ರ ಲ್ಯಾಪ್‌ಟಾಪಿಗೆ ಹಾಕಿ. 4ಕೆ ಶೂಟ್ ನಿಮಿಷಕ್ಕೆ ಸುಮಾರು 350 ಎಂಬಿ ತಿನ್ನುತ್ತದೆ. ಮೂರು ಗಂಟೆ ಶೂಟ್ ಮಾಡಿದ್ರೆ 60 ಜಿಬಿ ದಾಟಿತು. ಎಕ್ಸ್‌ಪೋರ್ಟ್‌ಗೂ ಜಾಗ ಬೇಕಲ್ವಾ? ಫೋನ್ ಅಲ್ಲೇ ಕೈಕೊಡುತ್ತದೆ.

ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಉಚಿತವಾದರೂ 8 ಜಿಬಿಯಲ್ಲಿ ತಿಣುಕುತ್ತದೆ. ನಾನಾಗಿದ್ದರೆ ಶಾಟ್‌ಕಟ್ ಹಾಕಿಕೊಳ್ತಿದ್ದೆ. ಅದೂ ಉಚಿತ, ವಾಟರ್‌ಮಾರ್ಕ್ ಇಲ್ಲ. ಮೊದಲು Settings > Proxy > Use Proxy ಆನ್ ಮಾಡಿ. ಆಗ ಎಡಿಟಿಂಗ್ ಚಿಕ್ಕ ನಕಲಿನ ಮೇಲೆ ನಡೆಯುತ್ತದೆ, ಕೊನೆಯ ಫೈಲ್ ಮೂಲ ಕ್ಲಿಪ್‌ನಿಂದಲೇ ಬರುತ್ತದೆ.

ಒಂದು ಎಚ್ಚರ. ಫೋನ್ ಕ್ಲಿಪ್‌ಗಳ ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಏರಿಳಿಯುತ್ತಿರುತ್ತದೆ. ರೀಲ್‌ನಲ್ಲಿ ಗೊತ್ತೇ ಆಗಲ್ಲ. ಆದರೆ ಹತ್ತು ನಿಮಿಷದ ವಾಲಗದ ಕ್ಲಿಪ್‌ನಲ್ಲಿ ಶುರುವಿಗೆ ಸರಿಯಿದ್ದ ಡೋಲಿನ ಪೆಟ್ಟು ಕೊನೆಗೆ ಕೈಗಿಂತ ಹಿಂದೆಯೋ ಮುಂದೆಯೋ ಹೋಗಿರಬಹುದು. ಹಾಗಾಗಿ ಉದ್ದದ ಕ್ಲಿಪ್‌ಗಳ ಕೊನೆಯ ನಿಮಿಷ ಮೊದಲೇ ನೋಡಿ. ಶಾಟ್‌ಕಟ್ ತಾನೇ ಕನ್ವರ್ಟ್ ಮಾಡಲಾ ಅಂತ ಕೇಳಿದರೆ ಅಂಥ ಕ್ಲಿಪ್‌ಗಳಿಗೆ ಒಪ್ಪಿಕೊಳ್ಳಿ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಹೋಗುತ್ತದೆ, ಎಲ್ಲದಕ್ಕೂ ಸುಮ್ನೆ ಒತ್ತಬೇಡಿ.