ಅರ್ಜೆಂಟ್ ಮೆಸೇಜ್ ಆರ್ಡರ್ ಥರ ಕೇಳಿಸದಿರಲು ಹೇಗೆ ಬರೆಯಬೇಕು?

ಪ್ರಶ್ನೆ: ಅರ್ಜೆಂಟಾಗಿ ಸಹಾಯ ಬೇಕಾದಾಗ ನಾನು ಹಾಕುವ ಮೆಸೇಜ್ ಆರ್ಡರ್ ಮಾಡಿದ ಹಾಗಿರುತ್ತೆ ಅಂತ ಆಫೀಸಲ್ಲಿ ಹೇಳ್ತಾರೆ. ನಿನ್ನೆ ಸೀನಿಯರ್ ಒಬ್ಬರಿಗೆ ಕಳಿಸಿದ್ದು ಇದು: "ಸರ್ ಫೈಲ್ ಓಪನ್ ಆಗ್ತಿಲ್ಲ. ಅರ್ಜೆಂಟ್!! ದಯವಿಟ್ಟು ಈಗಲೇ ನೋಡಿ. ಇವತ್ತೇ ಸಬ್ಮಿಟ್ ಮಾಡಲೇಬೇಕು. ಬೇಗ ರಿಪ್ಲೈ ಮಾಡಿ." ದಯವಿಟ್ಟು ಅಂತಾನೂ ಹಾಕಿದ್ದೆ. ಇನ್ನು ಹೇಗೆ ಬರೀಬೇಕು?

ಉತ್ತರ:

ನಿಮ್ಮ ಮೆಸೇಜಿನಲ್ಲಿ "ದಯವಿಟ್ಟು" ಇದೆ, ನಿಜ. ಆದರೆ ಬರವಣಿಗೆಯಲ್ಲಿ ಆ ಪದ ನಮಗೆ ಜಾಸ್ತಿ ಕಾಣುವುದು ಬೋರ್ಡುಗಳ ಮೇಲೆ. ದಯವಿಟ್ಟು ಚಪ್ಪಲಿ ಹೊರಗೆ ಬಿಡಿ, ದಯವಿಟ್ಟು ಸಾಲಿನಲ್ಲಿ ಬನ್ನಿ. ಹಾಗಾಗಿ "ನೋಡಿ" ಎಂಬ ಆಜ್ಞೆಯ ಮುಂದೆ ಅದನ್ನು ಇಟ್ಟರೆ ಆಜ್ಞೆ ಮೆತ್ತಗಾಗುವುದಿಲ್ಲ, ಸೂಚನಾ ಫಲಕ ಆಗುತ್ತದೆ. ಕನ್ನಡದಲ್ಲಿ ಮರ್ಯಾದೆ ಹೆಚ್ಚಾಗಿ ಇರುವುದು ಕ್ರಿಯಾಪದದ ಬಾಲದಲ್ಲಿ. ಅದನ್ನೇ ಮೊದಲು ನೋಡೋಣ.

"ನೋಡಿ" ಅಂದರೆ ಬಹುವಚನ ಹಾಕಿದ ಆಜ್ಞೆ, ಅಷ್ಟೇ. "ನೋಡಿಕೊಡಿ" ಅಂದ ಕೂಡಲೇ ಮಾತು ಬದಲಾಗುತ್ತದೆ. ಆ "ಕೊಡಿ" ಸೇರಿದರೆ ಕೆಲಸ ನನಗೋಸ್ಕರ, ಉಪಕಾರ ನಿಮ್ಮದು ಎಂದು ಒಪ್ಪಿಕೊಂಡ ಹಾಗೆ. ಅದನ್ನೇ ಪ್ರಶ್ನೆ ಮಾಡಿ: "ನೋಡಿಕೊಡ್ತೀರಾ?" ಇನ್ನೂ ಒಂದು ಹೆಜ್ಜೆ: "ನೋಡಿಕೊಡೋಕೆ ಆಗುತ್ತಾ?" ಇಲ್ಲಿ ಎದುರಿನವರಿಗೆ "ಈಗ ಆಗಲ್ಲ" ಅನ್ನಲು ಜಾಗ ಸಿಕ್ಕಿತು. ಆ ಜಾಗ ಇದ್ದರೆ ಅದು ಕೋರಿಕೆ, ಇಲ್ಲದಿದ್ದರೆ ಆಜ್ಞೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಅವಸರದಲ್ಲಿ "ನೋಡಿಕೊಡಿ" ಬದಲು "ನೋಡಿಕೊಳ್ಳಿ" ಅಂತ ಬರೆಯುವುದು. "ಫೈಲ್ ಸ್ವಲ್ಪ ನೋಡಿಕೊಳ್ಳಿ" ಅಂದರೆ ಅದು ನಿಮ್ಮ ಜವಾಬ್ದಾರಿ ಎಂದು ಅವರ ತಲೆಗೆ ಕಟ್ಟಿದ ಹಾಗೆ. ಇನ್ನೊಂದು, "ಆಗುತ್ತಾ" ಬದಲು "ಆಗಲ್ವಾ". "ಸ್ವಲ್ಪ ನೋಡೋಕೆ ಆಗಲ್ವಾ?" ಎಂದು ಓದಿ ನೋಡಿ. ಅಷ್ಟೂ ಮಾಡೋಕೆ ಆಗಲ್ವಾ ಎಂಬ ಸಿಡುಕು ಕೇಳಿಸುತ್ತದೆ, ಅಲ್ವಾ?

ಇನ್ನು ಆ "ಏ". ಈಗಲೇ, ಇವತ್ತೇ, ಮಾಡಲೇಬೇಕು. ನಿಮ್ಮ ಐದು ಚಿಕ್ಕ ವಾಕ್ಯದಲ್ಲಿ ಮೂರು ಸಲ ಬಂದಿದೆ. ಒಂದೊಂದು "ಏ" ಕೂಡ ಬೆನ್ನಿಗೆ ಒಂದೊಂದು ತಳ್ಳು. ಜೊತೆಗೆ ಅರ್ಜೆಂಟ್, ಬೇಗ, ಎರಡು ಆಶ್ಚರ್ಯಸೂಚಕ. ಇಷ್ಟೆಲ್ಲ ತಳ್ಳಿದರೂ ಎಷ್ಟು ಗಂಟೆಯೊಳಗೆ ಬೇಕು ಎಂಬುದು ಮಾತ್ರ ಇಲ್ಲ! ನನ್ನ ಪ್ರಕಾರ ನಿಮ್ಮ ಮೆಸೇಜಿನ ದೊಡ್ಡ ತೊಂದರೆ ಇದೇ, ಒರಟುತನ ಅಲ್ಲ. "ಅರ್ಜೆಂಟ್" ಎಂಬುದು ನಿಮ್ಮ ಆತಂಕ ಹೇಳುತ್ತದೆ. "4 ಗಂಟೆಯೊಳಗೆ" ಎಂಬುದು ಅವರ ಕೆಲಸ ಹೇಳುತ್ತದೆ. ಗಂಟೆ ಬರೆದ ಮೇಲೆ ಬೇಗ, ಕೂಡಲೇ, ಈಗಲೇ ಯಾವುದೂ ಬೇಕಾಗುವುದಿಲ್ಲ. ಅವನ್ನು ತೆಗೆದರೆ ಅರ್ಧ ಖಾರ ತಾನಾಗಿಯೇ ಇಳಿಯುತ್ತದೆ.

ಉಳಿದ ಅರ್ಧ ಇರುವುದು "ನೋಡಿ" ಎಂಬ ಮಾತಿನಲ್ಲೇ. ಏನು ನೋಡಬೇಕು? ಓಪನ್ ಆಗುತ್ತಿಲ್ಲ ಅಂದರೆ ಪಾಸ್‌ವರ್ಡ್ ಕೇಳುತ್ತಿದೆಯಾ, ಫೈಲ್ ಕೆಟ್ಟಿದೆಯಾ, ನಿಮಗೆ ಪರ್ಮಿಷನ್ ಇಲ್ಲವಾ? ಅದನ್ನು ಕಂಡುಹಿಡಿಯುವ ಕೆಲಸವೂ ಅವರ ಮೇಲೆ ಬಿತ್ತು. ಅವರು "ಏನಾಯ್ತು?" ಅಂತ ಕೇಳಬೇಕು, ನೀವು ಸ್ಕ್ರೀನ್‌ಶಾಟ್ ಕಳಿಸಬೇಕು, ಅವರು ಮೀಟಿಂಗಿಗೆ ಹೋಗಿರುತ್ತಾರೆ. ಮೆಸೇಜ್ ನೋಡಿದವರಿಗೆ ಮರುಪ್ರಶ್ನೆ ಕೇಳದೆ ಕೆಲಸ ಶುರು ಮಾಡಲು ಆಗಬೇಕು.

ನಿಮ್ಮ ಫೈಲಿಗೆ ಏನಾಗಿತ್ತೋ ಗೊತ್ತಿಲ್ಲ. ಪಾಸ್‌ವರ್ಡ್ ಸಮಸ್ಯೆ ಅಂದುಕೊಂಡು ಬರೆಯುತ್ತೇನೆ:

"ಸರ್, ನೀವು ಬೆಳಿಗ್ಗೆ ಕಳಿಸಿದ ಎಕ್ಸೆಲ್ ಫೈಲ್ ಪಾಸ್‌ವರ್ಡ್ ಕೇಳ್ತಿದೆ. ಹಿಂದಿನ ಫೈಲಿನ ಪಾಸ್‌ವರ್ಡ್ ಹಾಕಿ ನೋಡಿದೆ, ಆಗಲಿಲ್ಲ. ಸಂಜೆ 5ಕ್ಕೆ ರಿಪೋರ್ಟ್ ಸಬ್ಮಿಟ್ ಮಾಡಬೇಕು. 4 ಗಂಟೆಯೊಳಗೆ ಪಾಸ್‌ವರ್ಡ್ ಇಲ್ಲದ ಕಾಪಿ ಕಳಿಸಿಕೊಡೋಕೆ ಆಗುತ್ತಾ? ನಿಮಗೆ ಆಗದಿದ್ರೆ ಯಾರನ್ನ ಕೇಳಲಿ ಅಂತ ಹೇಳಿದ್ರೂ ಸಾಕು."

ನಿಮ್ಮದಕ್ಕಿಂತ ಉದ್ದ ಇದೆ, ಆದರೂ ಓದುವವರಿಗೆ ಕೆಲಸ ಕಡಿಮೆ. "ಮಾಡಬೇಕು" ಇಲ್ಲೂ ಇದೆ, ಗಮನಿಸಿ. ಆದರೆ ಆ "ಬೇಕು" ನನ್ನ ಮೇಲೆ ಬಿದ್ದಿದೆ, ಅವರ ಮೇಲಲ್ಲ. "ನೀವು 4 ಗಂಟೆಗೆ ಕಳಿಸಬೇಕು" ಅಂದಿದ್ದರೆ ಕಥೆಯೇ ಬೇರೆ. ನನಗೆ 5 ಗಂಟೆಯವರೆಗೆ ಸಮಯ ಇದ್ದರೂ 4 ಅಂದೆ, ಆದರೆ 5 ಎಂಬುದನ್ನು ಮುಚ್ಚಿಡಲಿಲ್ಲ. ಸುಳ್ಳು ಡೆಡ್‌ಲೈನ್ ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಸಲ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಕೊನೆಯ ವಾಕ್ಯ ಬರೀ ಮರ್ಯಾದೆಗೆ ಹಾಕಿದ್ದಲ್ಲ. ಅವರು ರಜೆಯಲ್ಲಿದ್ದರೆ ಅದರಿಂದಲೇ ನಿಮ್ಮ ಕೆಲಸ ಆಗುವುದು.

ತಡ ನಿಮ್ಮಿಂದಲೇ ಆಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ: "ಬೆಳಿಗ್ಗೆಯೇ ತೆರೆದು ನೋಡಬೇಕಿತ್ತು, ಈಗ ನೋಡಿದೆ." ಮೂರು ಸಾಲು ಕ್ಷಮೆ ಬೇಡ. "ಮುಂಚಿತವಾಗಿ ಧನ್ಯವಾದಗಳು" ಕೂಡ ನನಗೆ ಹಿಡಿಸುವುದಿಲ್ಲ. ಅವರು ಒಪ್ಪುವ ಮೊದಲೇ ಒಪ್ಪಿದರು ಎಂದು ಬರೆದುಕೊಂಡ ಹಾಗಿರುತ್ತದೆ.

ಹಾಗಂತ ಇನ್ನೊಂದು ತುದಿಗೂ ಹೋಗಬೇಡಿ. ನಾನು ಹೋಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೇಲಿನವರೊಬ್ಬರ ಸಹಿ ಮಧ್ಯಾಹ್ನದೊಳಗೆ ಬೇಕಿತ್ತು. ಸಂಕೋಚಕ್ಕೆ "ಬಿಡುವಾದಾಗ ಒಮ್ಮೆ ನೋಡಿ ಮೇಡಂ, ಅವಸರ ಏನಿಲ್ಲ" ಎಂದು ಬರೆದೆ. ಅವರು ನಾನು ಬರೆದದ್ದನ್ನೇ ನಂಬಿದರು. ಮಾರನೇ ದಿನ ಬಿಡುವಾದಾಗ ನೋಡಿದರು. ತಪ್ಪು ಅವರದ್ದಲ್ಲ. ಅವಸರ ಇದ್ದರೆ ಗಂಟೆ ಬರೆಯಲೇಬೇಕು, ಮೆತ್ತಗಾಗಬೇಕಾದದ್ದು ಕ್ರಿಯಾಪದ ಮಾತ್ರ.

ತೀರಾ ಹತ್ತಿರದವರಿಗೆ ಇದ್ಯಾವುದೂ ಬೇಡ. ಗೆಳೆಯನಿಗೆ "ಆ ಫೈಲ್ ಕಳಿಸೋ, 4ಕ್ಕೆ ಬೇಕು" ಅಂದರೆ ಸಾಕು. "ಕಳಿಸಿಕೊಡೋಕೆ ಆಗುತ್ತಾ" ಅಂದರೆ ಇವನಿಗೇನೋ ಕೋಪ ಬಂದಿದೆ ಅಂದುಕೊಳ್ಳುತ್ತಾನೆ. ಬೆಂಕಿ, ಅಪಘಾತದಂಥ ಸಮಯದಲ್ಲಂತೂ ನೇರ ಆಜ್ಞೆಯೇ ಸರಿ. "ಮೇನ್ ಸ್ವಿಚ್ ಆಫ್ ಮಾಡಿ!" ಎನ್ನಬೇಕು, ಆಗುತ್ತಾ ಎಂದು ಕೇಳುತ್ತಾ ನಿಲ್ಲಬಾರದು.

ಉತ್ತರ ಬರದಿದ್ದರೆ "ಯಾಕೆ ರಿಪ್ಲೈ ಇಲ್ಲ?" ಎಂದು ಮಾತ್ರ ಹಾಕಬೇಡಿ. ಅಲ್ಲಿಯವರೆಗೆ ಕಾಪಾಡಿಕೊಂಡ ಮರ್ಯಾದೆಯೆಲ್ಲ ಆ ಒಂದು "ಯಾಕೆ"ಯಲ್ಲಿ ಹೋಗುತ್ತದೆ. ಮೂರೂವರೆ ಆದರೂ ಸುದ್ದಿ ಇಲ್ಲದಿದ್ದರೆ ಫೋನ್ ಮಾಡಿ. ಅಷ್ಟರಲ್ಲಿ ಬೇರೆ ಕಡೆಯಿಂದ ಫೈಲ್ ಸಿಕ್ಕಿಬಿಟ್ಟರೆ "ಸಿಕ್ತು ಸರ್, ಇನ್ನು ಬೇಡ" ಎಂದು ತಕ್ಷಣ ತಿಳಿಸಿ. ಇಲ್ಲದಿದ್ದರೆ ಅವರು ಮೀಟಿಂಗ್ ಬಿಟ್ಟು ಎದ್ದು ಬಂದು ಫೈಲ್ ಹುಡುಕುತ್ತಾ ಕೂತಿರುತ್ತಾರೆ.