ಪದ ಬದಲಾಯಿತು, ವಾಕ್ಯ ಬದಲಾಗಲಿಲ್ಲ

"ಸಾರ್, ಜೇನುಹುಳುಗಳ ಕುಣಿತದ ಬಗ್ಗೆ ನಾನು ಬರೆದ ಲೇಖನ ವಾಪಸ್ ಬಂತು. ಒಂದು ವಾಕ್ಯವನ್ನೂ ಹಾಗೇ ಎತ್ತಿಲ್ಲ, ಪದಗಳನ್ನೆಲ್ಲ ಬದಲಾಯಿಸಿದ್ದೇನೆ. ಕೊನೆಯಲ್ಲಿ ಪುಸ್ತಕಗಳ ಪಟ್ಟಿಯೂ ಇದೆ. ಇದು ಕೃತಿಚೌರ್ಯ ಹೇಗಾಗುತ್ತದೆ?"

ನೀವು ಓದಿದ ಪುಸ್ತಕ ನನ್ನ ಕಪಾಟಿನಲ್ಲೂ ಇದೆ. ಅದರಲ್ಲಿ ಹೀಗಿದೆ: "ಹೂವಿರುವ ದಿಕ್ಕನ್ನು ಸೂರ್ಯನಿಗೆ ಹೋಲಿಸಿ, ಗೂಡಿನ ಕತ್ತಲಲ್ಲೇ ಹುಳು ಕುಣಿದು ತೋರಿಸುತ್ತದೆ." ನಿಮ್ಮದು: "ಪುಷ್ಪವಿರುವ ದಿಶೆಯನ್ನು ರವಿಗೆ ಹೋಲಿಸಿ, ಗೂಡಿನ ಅಂಧಕಾರದಲ್ಲೇ ಕೀಟವು ನರ್ತಿಸಿ ತೋರಿಸುತ್ತದೆ." ಅಲ್ಪವಿರಾಮ ಕೂಡ ಕೂತ ಜಾಗದಿಂದ ಎದ್ದಿಲ್ಲ. ನನಗೆ ಅನುಮಾನ ಬಂದದ್ದು ಹೇಗೆ ಗೊತ್ತಾ? ಅಲ್ಲಿಯವರೆಗೆ ಹೂವು, ಕತ್ತಲು ಅಂತ ಸಲೀಸಾಗಿ ಬರೆಯುತ್ತಿದ್ದವರು ಇದ್ದಕ್ಕಿದ್ದಂತೆ ಅಂಧಕಾರಕ್ಕೆ ಹೋದಿರಿ.

ಪುಸ್ತಕ ತೆರೆದಿಟ್ಟುಕೊಂಡು ಬರೆದರೆ ಹೀಗೇ ಆಗುತ್ತದೆ. ಓದಿ, ಮುಚ್ಚಿಡಿ. ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಬಾಯಲ್ಲಿ ಹೇಳಿ. ಆಮೇಲೆ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಗೂಡಿನೊಳಗೆ ಸೂರ್ಯ ಕಾಣುವುದಿಲ್ಲ. ಹಾಗಾಗಿ ನೆಟ್ಟಗೆ ನಿಂತ ಎರಿಯ ಮೇಲೆ 'ಮೇಲಕ್ಕೆ' ಅಂದರೆ ಸೂರ್ಯನ ಕಡೆ ಎಂದು ಲೆಕ್ಕ. ಹೂವು ಸೂರ್ಯನಿಂದ 60 ಡಿಗ್ರಿ ಬಲಕ್ಕಿದ್ದರೆ ಕುಣಿತದ ಗೆರೆಯೂ ಅಷ್ಟೇ ಬಲಕ್ಕೆ ವಾಲುತ್ತದೆ." ಬರೆದ ಮೇಲೆ ಪುಸ್ತಕ ತೆರೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅರ್ಥ ತಪ್ಪಿದೆಯಾ? ನಾಲ್ಕೈದು ಪದ ಸಾಲಾಗಿ ಹೊಂದುತ್ತಿವೆಯಾ? ಆ ಮಾತು ಬಿಡಲಾಗದಷ್ಟು ಚೆನ್ನಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಿ.

ಇಷ್ಟಾದರೂ ಮೂಲ ಹೇಳಲೇಬೇಕು, ಏಕೆಂದರೆ ಆ ತಿಳಿವಳಿಕೆ ನಿಮ್ಮದಲ್ಲ. ಅದೂ ಆ ಮಾತು ಬಂದ ಜಾಗದಲ್ಲೇ. ಕೊನೆಯ ಪಟ್ಟಿ ನೋಡಿ ಯಾವ ಮಾತು ಎಲ್ಲಿಂದ ಬಂತೆಂದು ಓದುಗ ಹೇಗೆ ಹುಡುಕಬೇಕು? ತಮಾಷೆ ಅಂದರೆ, ಹುಳುವಿಗೆ ಆರು ಕಾಲು ಎಂಬಲ್ಲಿ ಮೂಲ ಕೊಟ್ಟಿದ್ದೀರಿ. ಅದು ಎಲ್ಲರಿಗೂ ಗೊತ್ತಿರುವುದೇ, ಬೇಡ.

ಇನ್ನೊಂದು. ಈ ಕುಣಿತದ ಅರ್ಥ ಬಿಡಿಸಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಅವರ ಪ್ರಬಂಧವನ್ನೇ ಓದಿದಂತೆ ಉಲ್ಲೇಖ ಕೊಟ್ಟಿದ್ದೀರಿ. ನೀವು ಓದಿದ್ದು ಅವರ ಬಗ್ಗೆ ಬೇರೊಬ್ಬರು ಬರೆದದ್ದನ್ನು, ಅಲ್ವಾ? ಹಾಗಿದ್ದರೆ ಓದಿದ್ದನ್ನೇ ಹೆಸರಿಸಿ. ಆ ಲೇಖಕರು ತಪ್ಪು ಮಾಡಿದ್ದರೆ ಈಗ ಅದು ನಿಮ್ಮ ತಲೆಗೆ ಬರುತ್ತದೆ.

ಇದೆಲ್ಲ ಟಿಪ್ಪಣಿಯಲ್ಲೇ ಶುರುವಾಗುತ್ತದೆ. ಮೊದಲು ಪುಟಸಂಖ್ಯೆ, ಆಮೇಲೆ ವಿಷಯ. ನಕಲು ಮಾಡಿದ ಮಾತಿಗೆ ಆಗಲೇ ಉದ್ಧರಣ ಚಿಹ್ನೆ ಹಾಕಿ. ತಿಂಗಳು ಕಳೆದರೆ ಅದು ನಿಮ್ಮದೇ ವಾಕ್ಯ ಅನ್ನಿಸುತ್ತದೆ. ನಾನೂ ಹೀಗೆ ಒಮ್ಮೆ ಸಿಕ್ಕಿಬಿದ್ದಿದ್ದೇನೆ.

ಉಲ್ಲೇಖದ ಶೈಲಿಯೂ ಒಂದೇ ಇರಲಿ. ನಿಮ್ಮಲ್ಲಿ ಒಂದು ಕಡೆ ಆವರಣದಲ್ಲಿ ವರ್ಷ, ಇನ್ನೊಂದು ಕಡೆ ಅಡಿಟಿಪ್ಪಣಿ, ಮತ್ತೊಂದು ಕಡೆ ಸುಮ್ನೆ ಲಿಂಕ್. ಲೇಖಕರ ಹೆಸರು, ವರ್ಷ, ಪುಟ ಆವರಣದಲ್ಲಿ ಸಾಕು, ಎಲ್ಲ ಕಡೆಯೂ.

ಮತ್ತೆ ಬರೆದು ಕಳಿಸಿ. ಜೊತೆಗೆ ಕುಣಿತದ ಭಾಗದ ಟಿಪ್ಪಣಿ ಹಾಳೆಗಳನ್ನೂ ಕಳಿಸಿ, ಹೋಲಿಸಿ ನೋಡುತ್ತೇನೆ.