80ರ ಗೆರೆ ಅಳಿಸಿ, ಮೊದ್ಲು ವಿಮರ್ಶಕರನ್ನ ಅಳೆದು ನೋಡಿ

ಪ್ರಶ್ನೆ: "ಹಾಸನದಲ್ಲಿದ್ದೀನಿ, ಇಂಗ್ಲಿಷ್ ಆಲ್ಬಮ್ ಕೇಳೋಕೆ ಈಗ ಶುರು ಮಾಡಿದ್ದೀನಿ. ಮೆಟಾಕ್ರಿಟಿಕ್‌ನಲ್ಲಿ 80ಕ್ಕಿಂತ ಮೇಲಿರೋದನ್ನ ಮಾತ್ರ ಲಿಸ್ಟ್ ಮಾಡ್ಕೊಂಡು ಕೇಳ್ತೀನಿ, ಆದ್ರೂ ಅರ್ಧಕ್ಕರ್ಧ ಬೋರ್ ಹೊಡೀತಿದೆ. ಯಾವ ಸೈಟ್ ನಂಬಬಹುದು?"

ಮಾರಾಯ್ರೇ, ಸೈಟ್ ಯಾವ್ದು ಅಂತ ಆಮೇಲೆ ನೋಡೋಣ, ಮೊದ್ಲು ಆ 80ರ ಗೆರೆ ಅಳಿಸಿ. ಈ ಗುಂಪಲ್ಲಿ ಯಾರಾದ್ರೂ ಒಬ್ರು ಇದನ್ನೇ ಮಾಡ್ತಾನೇ ಇರ್ತಾರೆ, ನಾನೂ ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿರೋದು. ಆ ನಂಬರ್ ಯಾರೊಬ್ರ ಅಭಿಪ್ರಾಯನೂ ಅಲ್ಲ, ಬೇರೆ ಬೇರೆ ಪತ್ರಿಕೆ ವಿಮರ್ಶಕರ ಅಂಕನೆಲ್ಲ ನೂರಕ್ಕೆ ತಂದು ಮೆಟಾಕ್ರಿಟಿಕ್ ತೆಗೆಯೋ ಬರೀ ಸರಾಸರಿ, ನಾಲ್ಕು ವಿಮರ್ಶೆ ಸೇರಿದ್ರೆ ಸಾಕು ಬಂದ್ಬಿಡುತ್ತೆ. ನೀವೇ ಲೆಕ್ಕ ಹಾಕಿ: ಒಂದು ಆಲ್ಬಮ್‌ಗೆ 80, 80, 76, 76 ಬಿತ್ತು, ಇನ್ನೊಂದಕ್ಕೆ 100, 100, 60, 52 ಬಿತ್ತು ಅಂತ ಇಟ್ಕೊಳ್ಳಿ. ಎರಡರ ಸರಾಸರಿನೂ 78. ಮೊದಲನೇದು ಎಲ್ರಿಗೂ ಪರವಾಗಿಲ್ಲ ಅನ್ಸಿದ್ದು, ಯಾರಿಗೂ ಹುಚ್ಚು ಹಿಡಿಸ್ಲಿಲ್ಲ. ಎರಡನೇದಕ್ಕೆ ಇಬ್ರು ಪ್ರಾಣ ಬಿಡ್ತಿದ್ದಾರೆ, ಇಬ್ರಿಗೆ ತಡ್ಕೊಳ್ಳೋಕಾಗಿಲ್ಲ. ಹೊಸದನ್ನ ಹುಡುಕೋರು ಮೊದ್ಲು ತೆಗೀಬೇಕಾದ್ದು ಆ ಎರಡನೇದನ್ನ, ನಿಮ್ಮ ಗೆರೆ ಅದನ್ನೂ ಆಚೆ ಹಾಕ್ತು. (ಮೆಟಾಕ್ರಿಟಿಕ್‌ನೋರು ಕೆಲವು ಪತ್ರಿಕೆಗೆ ಜಾಸ್ತಿ ತೂಕ ಕೊಡ್ತಾರೆ, ಎಷ್ಟು ಅಂತ ಹೇಳಲ್ಲ, ಹಾಗಾಗಿ ನೀವು ಕೂಡಿಸಿದ್ದು ಅಲ್ಲಿರೋದಕ್ಕೆ ಸರಿಯಾಗಿ ತಾಳೆ ಆಗಲ್ಲ, ಗಾಬರಿ ಬೇಡ.)

ಇನ್ನೊಂದು ಎಡವಟ್ಟು ಸ್ಟಾರ್‌ದು. ಐದಕ್ಕೆ ಮೂರು ಸ್ಟಾರ್ ಕೊಡೋ ಪತ್ರಿಕೆಯವರ ಮನಸ್ಸಲ್ಲಿ ಅದು ಎಷ್ಟೋ ಸಲ "ಚೆನ್ನಾಗಿದೆ, ಕೇಳಬಹುದು" ಅಂತ. ಮೆಟಾಕ್ರಿಟಿಕ್‌ಗೆ ಬಂದ್ರೆ ಅದು 60 ಆಗುತ್ತೆ. ಪಿಚ್‌ಫೋರ್ಕ್ ಅನ್ನೋ ಸಂಗೀತ ವಿಮರ್ಶೆ ಸೈಟ್‌ನೋರು ಹತ್ತಕ್ಕೆ 6.0 ಕೊಟ್ರೆ ಅದೂ 60, ಆದ್ರೆ ಅವರ ಕಡೆ ಅದು ತಣ್ಣಗಿನ ಮಾತು. ಎರಡನ್ನೂ ಒಂದೇ ತಕ್ಕಡೀಲಿ ಹಾಕಿ ಕೂಡಿಸಿದ್ದಾರೆ. ಅದಕ್ಕೇ ನಾನು ಮೆಟಾಕ್ರಿಟಿಕ್ ತೆಗೆದ್ರೂ ಮೇಲಿನ ನಂಬರ್ ನೋಡಲ್ಲ, ಕೆಳಗೆ ಇಳಿದು ಅತಿ ಹೆಚ್ಚು ಕೊಟ್ಟೋರ್ದೊಂದು ಅತಿ ಕಮ್ಮಿ ಕೊಟ್ಟೋರ್ದೊಂದು ತೆಗೆದು ಪೂರ್ತಿ ಓದ್ತೀನಿ. ಅಲ್ಲಿರೋ ತುಣುಕು ಓದ್ಬೇಡಿ, ಅದು ಯಾರೋ ಆರಿಸಿದ ಒಂದು ಸಾಲು ಅಷ್ಟೇ.

ಈಗ ಅಸಲಿ ವಿಷಯ. ಸೈಟ್ ನಂಬೋದಲ್ಲ, ಬರೆದೋರ ಹೆಸರು ನೋಡಿ. ಒಂದೇ ಸೈಟಲ್ಲಿ ಮೆಟಲ್ ಬರೆಯೋರು ಬೇರೆ, ಪಾಪ್ ಬರೆಯೋರು ಬೇರೆ. ನಿಮಗೆ ಚೆನ್ನಾಗಿ ಗೊತ್ತಿರೋ, ನೂರಾರು ಸಲ ಕೇಳಿರೋ ಮೂರು ಆಲ್ಬಮ್ ತಗೊಳ್ಳಿ. ಒಂದು ನಿಮಗೆ ಪ್ರಾಣ, ಒಂದು ಸುಮಾರು, ಒಂದು ಎಲ್ರೂ ಹೊಗಳಿದ್ರೂ ನಿಮಗೆ ಹಿಡಿಸದೇ ಇರೋದು. ಮೂರನೇದು ಬಿಡ್ಬೇಡಿ, ಅದರಿಂದಲೇ ಜಾಸ್ತಿ ಗೊತ್ತಾಗೋದು. ಆ ಮೂರರಲ್ಲಿ ಎಷ್ಟರ ಬಗ್ಗೆ ಆಗುತ್ತೋ ಅಷ್ಟು ಒಬ್ರೇ ವಿಮರ್ಶಕರು ಬರೆದಿರೋದನ್ನ ಹುಡುಕಿ ಓದಿ, ಅಂಕ ಮುಚ್ಕೊಂಡು ಓದಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೀನಿ, ಹಾಳೆ ಮಧ್ಯ ಗೆರೆ ಎಳೆದು ಎಡಗಡೆ ಕಿವಿಗೆ ಕೇಳಿಸೋ ಮಾತೆಲ್ಲ ಬರ್ಕೋತೀನಿ: ಡ್ರಮ್ ಮುಂದಿದೆ, ಧ್ವನಿ ಹೂತು ಹೋಗಿದೆ, ನಾಲ್ಕನೇ ಹಾಡಿಂದ ಲಯ ನಿಧಾನ ಆಗುತ್ತೆ, ಕೊನೇ ಎರಡು ಹಾಡು ಎಳೆದಿದ್ದಾರೆ. ಬಲಗಡೆ ಮಿಕ್ಕಿದ್ದು: ಹಾಡುಗಾರರ ಜೀವನ ಕಥೆ, ಹೋದ ಆಲ್ಬಮ್ ಹೆಂಗಿತ್ತು, ಇವತ್ತಿನ ಕಾಲಕ್ಕೆ ಇದು ಬೇಕಿತ್ತು ಅನ್ನೋ ತರದ ಮಾತು. ಎಡಗಡೆ ಎರಡೇ ಸಾಲು, ಬಲಗಡೆ ಹಾಳೆ ತುಂಬಾ ಇದ್ರೆ ಅವರನ್ನ ಬಿಟ್ಬಿಡಿ, ಅಭಿಪ್ರಾಯ ನಿಮ್ಮದೇ ಆಗಿದ್ರೂ ಬಿಡಿ. ಆಲ್ಬಮ್ ಹೆಸರು ಬದಲಾಯಿಸಿದ್ರೂ ಆ ಬರಹ ಹಂಗೇ ಹೊಂದುತ್ತೆ.

ಎಡಗಡೆ ತುಂಬಿರೋರು ನಿಮ್ಮ ಅಭಿಪ್ರಾಯಕ್ಕೆ ಉಲ್ಟಾ ಇದ್ರೂ ಇಟ್ಕೊಳ್ಳಿ. ನಮ್ಮ ಕಡೆ ತೋಟದ ಮನೇಲಿ ಮಳೆ ಅಳೆಯೋ ಮಾಪಕ ಯಾವಾಗ್ಲೂ ಅರ್ಧ ಇಂಚು ಕಮ್ಮಿ ತೋರ್ಸಿದ್ರೂ ಕೆಲ್ಸಕ್ಕೆ ಬರುತ್ತೆ, ಒಂದಿನ ಕಮ್ಮಿ ಒಂದಿನ ಜಾಸ್ತಿ ತೋರ್ಸೋದು ಕೆಲ್ಸಕ್ಕೆ ಬರಲ್ಲ, ಇದೂ ಹಂಗೇ. ಒಬ್ರು ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಕೀಬೋರ್ಡ್ ಸದ್ದು, ಜಾಸ್ತಿ ಇದ್ರೆ ಬೈತಾರೆ ಅಂತ ಗೊತ್ತಾದ್ಮೇಲೆ, ನಿಮಗೆ ಸಿಂಥ್ ಇಷ್ಟ ಇದ್ರೆ, ಅವರ ಬೈಗುಳನೇ ನಿಮಗೆ ಶಿಫಾರಸು.

ಅಂಕಾನೇ ಕಲ್ಲಲ್ಲಿ ಬರೆದಿದ್ದು ಅನ್ಕೊಂಡಿರೋರಿಗೆ ಒಂದು ಉದಾಹರಣೆ. ಡಾಫ್ಟ್ ಪಂಕ್‌ನ "ಡಿಸ್ಕವರಿ"ಗೆ 2001ರಲ್ಲಿ ಪಿಚ್‌ಫೋರ್ಕ್ ಕೊಟ್ಟಿದ್ದು 6.4. ಅದೇ ಪಿಚ್‌ಫೋರ್ಕ್ 2021ರಲ್ಲಿ 19 ಹಳೇ ಆಲ್ಬಮ್‌ಗೆ ಮತ್ತೆ ಅಂಕ ಹಾಕ್ದಾಗ ಇದಕ್ಕೆ 10 ಕೊಡ್ತು. ಲಿಜ್ ಫೇರ್ ತಮ್ಮ ಹೆಸರಲ್ಲೇ ತಂದ 2003ರ ಆಲ್ಬಮ್ 0.0 ಇದ್ದಿದ್ದು 6.0 ಆಯ್ತು. ಹಾಡು ಒಂದಕ್ಷರ ಬದಲಾಗಿಲ್ಲ, ಕೇಳೋರು ಬದಲಾದ್ರು, ಆ ತರದ ಸದ್ದಿಗೆ ಕಿವಿ ಒಗ್ಗಿತು. ಬಿಡುಗಡೆ ದಿನವೇ ಬರೋ ವಿಮರ್ಶೆ ಅಂದ್ರೆ ಮುಂಚೆ ಸಿಕ್ಕ ಪ್ರತಿಯನ್ನ ಕೆಲವು ದಿನ ಕೇಳಿ ಬರೆದಿದ್ದು, ನಿಧಾನಕ್ಕೆ ಹಿಡಿಸೋ ಆಲ್ಬಮ್‌ಗೆ ಅಷ್ಟು ಸಾಲಲ್ಲ. ನಾನಂತೂ ಹೊಸ ಆಲ್ಬಮ್ ವಿಮರ್ಶೆನ ಆರು ತಿಂಗಳು ಬಿಟ್ಟೇ ಓದೋದು, ಅಷ್ಟೊತ್ತಿಗೆ ಯಾರು ಇನ್ನೂ ಅದರ ಮಾತಾಡ್ತಿದ್ದಾರೆ ಅಂತನೂ ಗೊತ್ತಾಗಿರುತ್ತೆ.

ಇದೇ ಪ್ರಶ್ನೆಗೆ ಮೇಲೆ ಉತ್ತರ ಬರೆದ ಮೇಷ್ಟ್ರು "ವಿಮರ್ಶಕರೆಲ್ಲ ಮಾರ್ಕೊಂಡೋರು, ಜನರ ರೇಟಿಂಗ್ ಮಾತ್ರ ನಂಬಿ" ಅಂದಿದ್ದಾರೆ. ಅರ್ಧ ಸರಿ ಸರ್. ಕೇಳುಗರೇ ಆಲ್ಬಮ್‌ಗೆ ಸ್ಟಾರ್ ಹಾಕೋ ರೇಟ್ ಯುವರ್ ಮ್ಯೂಸಿಕ್ ಸೈಟ್ ನಾನೂ ದಿನಾ ನೋಡ್ತೀನಿ, ಆದ್ರೆ ಸ್ಟಾರ್‌ಗಲ್ಲ. ಅಲ್ಲಿ ಕೇಳುಗರೇ ವೋಟ್ ಹಾಕಿ ಆಲ್ಬಮ್‌ಗೆ ಪ್ರಕಾರ, ಭಾವ, ಧ್ವನಿ ಹೆಂಗಿದೆ ಅನ್ನೋ ಪದಗಳನ್ನ ಅಂಟಿಸ್ತಾರಲ್ಲ, ಅದು ಬಂಗಾರ. ಸ್ಟಾರ್ ನೋಡಲೇಬೇಕು ಅಂದ್ರೆ ಎಷ್ಟು ಜನ ಹಾಕಿದ್ದಾರೆ ಅಂತ ಮೊದ್ಲು ನೋಡಿ. ನಲವತ್ತು ಜನ ಮಾತ್ರ ಹಾಕಿದ್ರೆ ಅವರು ಹುಡ್ಕೊಂಡು ಬಂದ ಅಭಿಮಾನಿಗಳೇ, ನಾಲ್ಕು ಸ್ಟಾರ್‌ಗೆ ಅರ್ಥ ಇಲ್ಲ. ಸಾವಿರಾರು ಜನ ಹಾಕಿದ್ರೂ ಅಲ್ಲಿರೋರು ಹೆಚ್ಚಾಗಿ ರಾಕ್ ಕಡೆಯೋರು, ನಮ್ಮ ಸಿನಿಮಾ ಸಂಗೀತದ ಬಗ್ಗೆ ಅಲ್ಲಿ ಏನೂ ತಿಳಿಯಲ್ಲ. ಐದು ಸ್ಟಾರ್ ಹಾಕಿರೋರ ಬರಹನೂ ಅರ್ಧ ಸ್ಟಾರ್ ಹಾಕಿರೋರ ಬರಹನೂ ಹಾರಿಸಿ, ಎರಡೂವರೆ ಮೂರು ಹಾಕಿರೋರದ್ದು ಓದಿ, ಯಾವ ಹಾಡು ಕೆಟ್ಟಿದೆ ಯಾವ್ದು ನಿಂತಿದೆ ಅಂತ ಬಿಡಿಸಿ ಹೇಳೋರು ಅವರೇ.

ಮೂಡಿಗೆರೆ ಅಕ್ಕನೂ ಮೇಲೆ ಹೆಡ್‌ಫೋನ್ ಬದಲಾಯಿಸಿ ಅಂದಿದ್ದಾರೆ, ನಿಮಗೆ ಹಂಗಾಗಿರಬಹುದು ಅಕ್ಕ, ಆದ್ರೆ ಪ್ರಶ್ನೆ ಕೇಳಿದೋರಿಗೆ ಬೋರ್ ಹೊಡೀತಿರೋದು ಹಾಡು, ಸದ್ದಲ್ಲ.

ಕನ್ನಡ ಆಲ್ಬಮ್ ವಿಷಯಕ್ಕೆ ಬಂದ್ರೆ ಪೇಪರಲ್ಲಿ ಬರೋ ಸ್ಟಾರ್ ಸಿನಿಮಾಗೆ, ಹಾಡಿಗಲ್ಲ, ಅದನ್ನ ಇಲ್ಲಿ ತಂದು ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು. ಲಿರಿಕಲ್ ವಿಡಿಯೋ ವ್ಯೂಸ್ ಕೂಡ ರೇಟಿಂಗ್ ಅಲ್ಲ, ಜಾಹೀರಾತು ಹಾಕಿ ಏರಿಸೋಕೆ ಬರುತ್ತೆ. ಮಿಲ್ಲಿಬ್ಲಾಗ್‌ನಲ್ಲಿ ಕನ್ನಡ ಸಿನಿಮಾ ಹಾಡುಗಳ ಬಗ್ಗೆನೂ ಚಿಕ್ಕದಾಗಿ, ಒಬ್ರದ್ದೇ ಕಿವಿಯಿಂದ ಬರೆದಿರೋದು ವರ್ಷಗಟ್ಟಲೆದ್ದು ಸಿಗುತ್ತೆ, ಮೂರು ಆಲ್ಬಮ್ ಪರೀಕ್ಷೆಗೆ ಒಳ್ಳೇ ಜಾಗ. ಹಿಂದೂಸ್ತಾನಿ ಧ್ವನಿಮುದ್ರಿಕೆಗೆ ನನ್ನ ಈ ವಿಧಾನ ನಡೆಯಲ್ಲ, ಅಲ್ಲಿ ಕೇಳೋ ಹಿರಿಯರನ್ನ ಹಿಡೀಬೇಕು.

ವಿಮರ್ಶೆ ಕೇಳೋ ಮುಂಚೆ ಓದ್ಬೇಕೋ ಕೇಳಿದ ಮೇಲೋ ಅಂತ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ. ನಾನು ಸಕಲೇಶಪುರದಾಚೆ ಇರೋನು, ನೆಟ್ ಬರೋದೇ ಗುಡ್ಡ ಹತ್ತಿದ್ರೆ, ಪೇಟೆಗೆ ಬಂದಾಗ ನಾಲ್ಕೈದು ಆಲ್ಬಮ್ ಡೌನ್‌ಲೋಡ್ ಮಾಡ್ಕೋಬೇಕು, ಹಂಗಾಗಿ ಮುಂಚೆನೇ ಓದ್ತೀನಿ. ನೀವು ಹಾಸನದಲ್ಲಿದ್ದೀರಿ, ಮೊದ್ಲು ಒಂದ್ಸಲ ಕೇಳ್ಬಿಡಿ, ಆಮೇಲೆ ಓದಿ.

ಬೋರ್ ಹೊಡೆದ ಆಲ್ಬಮ್‌ಗಳಲ್ಲಿ ಎರಡರ ಹೆಸರು, ನಿಮಗೆ ಪ್ರಾಣ ಅನ್ಸಿದ್ದು ಒಂದು, ಇಲ್ಲೇ ಕೆಳಗೆ ಹಾಕಿ. ಅದಕ್ಕೆ ಕಮ್ಮಿ ಅಂಕ ಕೊಟ್ಟೋರು ಯಾರು ಅಂತ ಸೇರಿಸಿ ಹಾಕಿ, ಅಲ್ಲಿಂದ ಶುರು ಮಾಡೋಣ.